ಬೇರು ಸುತ್ತಿಕೊಂಡಿದ್ದ ಮಲ್ಲಿಗೆಗೆ ಕುಂಡ ಬದಲಿಸಿದ ನನ್ನ ಅನುಭವ

ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ 8 ಇಂಚಿನ ಕುಂಡದಲ್ಲಿದ್ದ ಮಲ್ಲಿಗೆಗೆ ಬೆಳಿಗ್ಗೆ ಹಾಕಿದ ನೀರು ಕ್ಷಣದಲ್ಲೇ ತಳದಿಂದ ಹರಿದುಹೋಗಿ, ಮಧ್ಯಾಹ್ನದ ಹೊತ್ತಿಗೆ ಎಲೆಗಳು ಬಾಡುತ್ತಿದ್ದವು. ಸಂಜೆ ನೀರುಣಿಸಿ, ಮರುದಿನ ಕುಂಡವನ್ನು ಓರೆಯಾಗಿಸಿ ತಟ್ಟಿ ಗಿಡವನ್ನು ಹೊರತೆಗೆದಾಗ, ಮಣ್ಣಿಗಿಂತ ಬೇರೇ ಹೆಚ್ಚಾಗಿ, ತಳದಲ್ಲಿ ಸಿಂಬಿಯಂತೆ ಸುತ್ತಿಕೊಂಡಿತ್ತು. ಹಾಗೆಯೇ ನೆಟ್ಟರೆ ಬೇರುಗಳು ಹೊಸ ಮಣ್ಣಿಗೆ ಚಾಚದೆ ಅಲ್ಲೇ ಸುತ್ತುತ್ತಿರುತ್ತವೆ. ಆದ್ದರಿಂದ ಬೆರಳುಗಳಿಂದ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಸಡಿಲಿಸಿ, ಕಪ್ಪಾಗಿ ಮೆತ್ತಗಾಗಿದ್ದ ಎಳೆಗಳನ್ನು ಮಾತ್ರ ಕತ್ತರಿಸಿದೆ.

ಹೊಸ ಕುಂಡವನ್ನು 10 ಇಂಚಿಗೇ ಸೀಮಿತಗೊಳಿಸಿದೆ, ಏಕೆಂದರೆ ಕುಂಡ ತೀರಾ ದೊಡ್ಡದಾದರೆ ಬೇರು ತಲುಪದ ಮಣ್ಣು ಹಸಿಯಾಗಿಯೇ ಉಳಿದು ಬೇರು ಕೊಳೆಯುವ ಭಯವಿರುತ್ತದೆ. ತಳದ ಮೂರು ರಂಧ್ರಗಳಿಗೆ ಹೆಂಚಿನ ಚೂರುಗಳನ್ನು ಕವುಚಿ ಇಟ್ಟೆನೇ ಹೊರತು ಜಲ್ಲಿಯ ಪದರ ಹಾಕಲಿಲ್ಲ. ಜಲ್ಲಿ ಹಾಕಿದರೆ ನೀರು ಬೇಗ ಇಳಿಯುವುದಿಲ್ಲ, ಬೇರಿನ ಜಾಗವಷ್ಟೇ ಕಡಿಮೆಯಾಗುತ್ತದೆ. ಕಾಂಡವನ್ನು ಮೊದಲಿನ ಮಟ್ಟಕ್ಕೇ ನೆಟ್ಟು, ಒಂದು ವಾರ ನೆರಳಿನಲ್ಲಿಟ್ಟೆ. ಮೂರನೆಯ ವಾರ ಗೆಣ್ಣುಗಳಲ್ಲಿ ಚಿಗುರು ಕಾಣಿಸಿತು.