‘ಗ್ಯಾಸ್ಟ್ರಿಕ್’ ಅನ್ನದೆ ಬರೆದ ಪತ್ರ

ನಮ್ಮ ಮನೆ ಡಾಕ್ಟರ ಶಾಪಿಗೆ ಸಂಜೆ ಹೋದರೆ ಮುಂದೆ ಇಪ್ಪತ್ತು ಮೂವತ್ತು ಜನ ಕೂತಿರುತ್ತಾರೆ. ಒಳಗೆ ಸಿಗುವುದು ಮೂರು ನಿಮಿಷ. ಆಗಸ್ಟ್‌ನಲ್ಲಿ ಹೋದಾಗ ನಾನು ಹೇಳಿದ್ದು ಒಂದೇ ಮಾತು: ‘ಗ್ಯಾಸ್ಟ್ರಿಕ್ ಸಾರ್.’ ಅವರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ 40 ಬರೆದುಕೊಟ್ಟರು. ಎದೆ ಉರಿ ನಿಂತಿತು, ಊಟ ಮಾತ್ರ ಸೇರಲಿಲ್ಲ. ಅಕ್ಟೋಬರ್‌ನಲ್ಲಿ ಬೆಲ್ಟ್ ಎರಡು ತೂತು ಒಳಗೆ ಹೋಯಿತು. ಇನ್ನು ಬಾಯಲ್ಲಿ ಹೇಳಿದರೆ ಆಗದು, ಬರೆದುಕೊಂಡೇ ಹೋಗಬೇಕು ಅಂತ ಆಗ ತೀರ್ಮಾನಿಸಿದೆ. ನನಗೆ 57 ವರ್ಷ.

ಮೊದಲು ಬರೆದದ್ದನ್ನು ಹರಿದು ಹಾಕಿದೆ. ಅದರಲ್ಲಿ ‘ಗ್ಯಾಸ್ಟ್ರಿಕ್’ ಆರು ಸಲ ಇತ್ತು. ನಮ್ಮ ಕಡೆ ಎದೆ ಉರಿದರೂ ಗ್ಯಾಸ್ಟ್ರಿಕ್, ತೇಗು ಬಂದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರಿಸಿದರೂ ಅದೇ. ಡಾಕ್ಟರಿಗೆ ಇವೆಲ್ಲ ಬೇರೆ ಬೇರೆ ಕಾಯಿಲೆಯ ಸುಳಿವು. ಹಾಗಾಗಿ ಆ ಪದವನ್ನೇ ಬಿಟ್ಟು, ತಟ್ಟೆಯಲ್ಲಿ ಏನಾಗುತ್ತಿದೆಯೋ ಅದನ್ನೇ ಬರೆದೆ:

‘ಜೂನ್‌ವರೆಗೆ ಮಧ್ಯಾಹ್ನ ಒಂದೂವರೆ ಮುದ್ದೆ, ಮೇಲೆ ಒಂದು ತಟ್ಟೆ ಅನ್ನ ಉಣ್ಣುತ್ತಿದ್ದೆ. ಜುಲೈ ಮೊದಲ ವಾರದಿಂದ ಅರ್ಧ ಮುದ್ದೆಗೇ ಹೊಟ್ಟೆ ತುಂಬುತ್ತದೆ. ಹಸಿವು ಆಗುತ್ತದೆ, ನಾಲ್ಕು ತುತ್ತಿಗೇ ಸಾಕೆನಿಸುತ್ತದೆ. ಆಮೇಲೆ ಎರಡು ಗಂಟೆ ಮೇಲುಹೊಟ್ಟೆ ಭಾರ. ನುಂಗಲು ತೊಂದರೆ ಇಲ್ಲ. ವಾಂತಿ ಆಗಿಲ್ಲ.’

ಹಸಿವು ಇದೆಯೋ ಇಲ್ಲವೋ ಅಂತ ಬರೆದ ಸಾಲು ಬಹಳ ಉಪಯೋಗಕ್ಕೆ ಬಂತು ಅಂತ ಡಾಕ್ಟರು ಆಮೇಲೆ ಹೇಳಿದರು. ಹಸಿವೇ ಆಗದಿರುವುದು ಬೇರೆ, ಹಸಿದು ಕೂತವನಿಗೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು ಬೇರೆ. ಎರಡನೆಯದಾದರೆ ಜಠರ ಹಿಗ್ಗುತ್ತಿಲ್ಲವೋ, ಬೇಗ ಖಾಲಿಯಾಗುತ್ತಿಲ್ಲವೋ, ಒಳಗೆ ಗಾಯವೋ ಗಡ್ಡೆಯೋ ಇದೆಯೋ ಅಂತ ನೋಡಬೇಕಾಗುತ್ತದೆ.

ತೂಕದ ವಿಚಾರದಲ್ಲಿ ‘ಸಣ್ಣಗಾಗಿದ್ದೇನೆ’ ಅಂತ ಬರೆದು ಸುಮ್ಮನಾಗುತ್ತಿದ್ದೆ. ಮಗಳು ಹಳೆಯ ರಕ್ತಪರೀಕ್ಷೆಯ ಚೀಟಿ ಹುಡುಕಿ ತಂದಳು. ಜೂನ್‌ನಲ್ಲಿ 68 ಕೆಜಿ ಅಂತ ಅದರಲ್ಲಿತ್ತು. ಬೆಳಿಗ್ಗೆ ತಿಂಡಿಗೆ ಮೊದಲು ತೂಗಿದರೆ 63.5. ನಾಲ್ಕೂವರೆ ಕೆಜಿ ಅಂದರೆ ಮೊದಲಿದ್ದ ತೂಕದ ನೂರಕ್ಕೆ ಆರೂವರೆ ಪಾಲು. ಆರು ತಿಂಗಳು, ಒಂದು ವರ್ಷದೊಳಗೆ ನೂರಕ್ಕೆ ಐದು ಪಾಲು ತಾನಾಗಿ ಇಳಿದರೂ ಕಾರಣ ಹುಡುಕಲೇಬೇಕು ಎನ್ನುತ್ತಾರೆ ವೈದ್ಯರು. ‘ಪಥ್ಯ ಮಾಡುತ್ತಿಲ್ಲ, ವಾಕಿಂಗ್ ಹೆಚ್ಚಿಸಿಲ್ಲ, ಸಕ್ಕರೆ ಕಾಯಿಲೆ ಇಲ್ಲ’ ಅಂತ ಸೇರಿಸಿದೆ.

ಮಾತ್ರೆಗಳ ಸಾಲಿಗೆ ಬಂದಾಗ ಕೈ ತಡೆಯಿತು. ಮಂಡಿನೋವಿಗೆ ಮೇ ತಿಂಗಳಿಂದ ಮೆಡಿಕಲ್ ಶಾಪಿನಿಂದ ನಾನೇ ಡೈಕ್ಲೋಫೆನಾಕ್ ತಂದು, ದಿನಕ್ಕೊಂದು, ಕೆಲವು ದಿನ ಎರಡು ನುಂಗುತ್ತಿದ್ದೆ. ಡಾಕ್ಟರಿಗೆ ಹೇಳಿರಲಿಲ್ಲ. ಬೈಸಿಕೊಳ್ಳುವ ಅಂಜಿಕೆ. ಜೊತೆಗೆ ಸೆಪ್ಟೆಂಬರ್‌ನಲ್ಲಿ ಎರಡು ದಿನ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗಿತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಎರಡನ್ನೂ ಬರೆದೆ. ಕಬ್ಬಿಣಾಂಶದ ಮಾತ್ರೆ ತೆಗೆದುಕೊಂಡರೂ ಮಲ ಕಪ್ಪಾಗುತ್ತದಂತೆ, ಹಾಗಾಗಿ ‘ಅಂಥ ಮಾತ್ರೆ ತೆಗೆದುಕೊಂಡಿಲ್ಲ’ ಅಂತಲೂ ಬರೆದೆ. ಪ್ಯಾಂಟೊಪ್ರಜೋಲ್ ಶುರುಮಾಡಿದ ತಾರೀಖನ್ನೂ ಹಾಕಿದೆ. ಎಲ್ಲ ಸೇರಿ ಒಂದೇ ಹಾಳೆ. ಕೊನೆಯಲ್ಲಿ ಒಂದೇ ಪ್ರಶ್ನೆ: ‘ಎಂಡೋಸ್ಕೋಪಿ ಮಾಡಿಸಬೇಕೇ?’

ಡಾಕ್ಟರು ಪತ್ರವನ್ನು ಎರಡು ಸಲ ಓದಿದರು. ತೂಕ ಮತ್ತು ಕಪ್ಪು ಮಲದ ಸಾಲುಗಳ ಕೆಳಗೆ ಗೆರೆ ಎಳೆದು, ‘ಮೇಷ್ಟ್ರೇ, ಕಪ್ಪಗೆ ಹೋದ ದಿನವೇ ಬರಬೇಕಿತ್ತು. ನೋವಿನ ಮಾತ್ರೆ ಇವತ್ತೇ ನಿಲ್ಲಿಸಿ’ ಅಂದರು. ಆಸಿಡ್ ಕಡಿಮೆ ಮಾಡುವ ಮಾತ್ರೆ ಗಾಯದ ಲಕ್ಷಣವನ್ನೂ, ಕೆಲವೊಮ್ಮೆ ಕ್ಯಾನ್ಸರಿನ ಲಕ್ಷಣವನ್ನೂ ಮುಚ್ಚಿಡಬಹುದು, ಉರಿ ನಿಂತಿತು ಅಂತ ಕಾಯುವುದು ಬೇಡ ಎಂದು ವಿವರಿಸಿದರು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.2 ಬಂತು.

ಅದೇ ವಾರ ಎಂಡೋಸ್ಕೋಪಿ ಆಯಿತು. ರಾತ್ರಿಯಿಂದ ಖಾಲಿ ಹೊಟ್ಟೆ, ಗಂಟಲಿಗೆ ಮರಗಟ್ಟಿಸುವ ಸ್ಪ್ರೇ, ಹತ್ತು ನಿಮಿಷದ ಕೆಲಸ. ಜಠರದ ಕೆಳಭಾಗದಲ್ಲಿ ಹುಣ್ಣು, ಸುತ್ತ ಊತ. ಹುಣ್ಣಿನ ಅಂಚಿನಿಂದ ಚೂರುಗಳನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗಿನ ಐದು ದಿನ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಕ್ಯಾನ್ಸರ್ ಇರಲಿಲ್ಲ. ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇತ್ತು. ಅದಕ್ಕೆ 14 ದಿನ ಆಂಟಿಬಯೋಟಿಕ್, ಹುಣ್ಣಿಗೆ ಎಂಟು ವಾರ ಪ್ಯಾಂಟೊಪ್ರಜೋಲ್.

ವರದಿ ಒಳ್ಳೆಯದು ಬಂದ ಮೇಲೂ ಎಂಟು ವಾರ ಕಳೆದು ಮತ್ತೆ ಎಂಡೋಸ್ಕೋಪಿ ಮಾಡಿಸಲೇಬೇಕು ಅಂದರು. ಮೊದಲ ಚೂರುಗಳಲ್ಲಿ ಸಿಗದ ಕ್ಯಾನ್ಸರು ಹುಣ್ಣಿನ ರೂಪದಲ್ಲೇ ಉಳಿದಿರಬಹುದು, ಮಾಯುತ್ತದೋ ಇಲ್ಲವೋ ಕಣ್ಣಾರೆ ನೋಡಬೇಕು ಅನ್ನುವುದು ಅವರ ಮಾತು. ಹೋದೆ. ಹುಣ್ಣಿದ್ದ ಕಡೆ ಬರಿಯ ಬಿಳಿ ಕಲೆ ಕಂಡಿತು. ಆ ಹೊತ್ತಿಗೆ ತೂಕ 65.5, ಮಧ್ಯಾಹ್ನಕ್ಕೆ ಒಂದು ಮುದ್ದೆ.