ಶುಗರ್ ಲೋ ಆದಾಗ ಅದು ಯಾವ ಹಂತದ್ದೆಂದು ಗುರುತಿಸುವುದು ಹೇಗೆ?

ಇನ್ಸುಲಿನ್ ಚುಚ್ಚಿಕೊಳ್ಳುವವರ ಅಥವಾ ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುವ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆ ನುಂಗುವವರ ಶುಗರ್ ಪುಸ್ತಕ ತೆರೆದರೆ ‘ರಾತ್ರಿ ಲೋ ಆಗಿತ್ತು’ ಎಂಬ ಸಾಲು ಒಂದಾದರೂ ಇರುತ್ತದೆ. ಅದನ್ನು ಓದಿದ ವೈದ್ಯರಿಗೆ ಡೋಸ್ ಇಳಿಸಬೇಕೋ ಬೇಡವೋ ತಿಳಿಯುವುದಿಲ್ಲ. 68ಕ್ಕೆ ಇಳಿದು ತಾನಾಗಿ ಸರಿಹೋದದ್ದೂ ‘ಲೋ’, ಮನೆಯವರು ಹಿಡಿದು ಕೂರಿಸಿ ಗ್ಲುಕೋಸ್ ಕುಡಿಸಿದ್ದೂ ‘ಲೋ’. ಈ ಎರಡನ್ನೂ ಒಂದೇ ಪದದಲ್ಲಿ ಬರೆದರೆ ಬರೆಯದಿದ್ದಂತೆಯೇ.

ಈ ಗೊಂದಲ ಸಂಶೋಧಕರಲ್ಲೂ ಇತ್ತು. ಒಂದೊಂದು ಔಷಧ ಪ್ರಯೋಗ ಒಂದೊಂದು ಅಂಕಿಯನ್ನು ಗೆರೆಯಾಗಿ ಹಿಡಿಯುತ್ತಿತ್ತು. ಅದನ್ನು ತಪ್ಪಿಸಲು ಅಂತರರಾಷ್ಟ್ರೀಯ ಹೈಪೊಗ್ಲೈಸೀಮಿಯಾ ಅಧ್ಯಯನ ತಂಡ 2017ರಲ್ಲಿ ಮೂರು ಹಂತಗಳನ್ನು ಮುಂದಿಟ್ಟಿತು: ಎಚ್ಚರಿಕೆಯ ಮಟ್ಟ, ವೈದ್ಯಕೀಯವಾಗಿ ಗಂಭೀರವಾದ ಇಳಿತ, ತೀವ್ರ ಇಳಿತ. ಅಮೆರಿಕದ ಮಧುಮೇಹ ಸಂಘವೂ ಇವನ್ನೇ 1, 2, 3 ಎಂದು ಬಳಸುತ್ತದೆ. ಇವು ಮಧುಮೇಹಕ್ಕೆ ಚಿಕಿತ್ಸೆ ಪಡೆಯುತ್ತಿರುವವರಿಗೆ ಮಾಡಿದ ಹಂತಗಳು. ಮಧುಮೇಹವೇ ಇಲ್ಲದವರ ತಲೆಸುತ್ತಿಗೆ ಇವನ್ನು ಹಚ್ಚಬೇಡಿ.

ಮೊದಲು: ಅಂಕಿ ಸರಿಯಾಗಿ ತೆಗೆಯಿರಿ

ವ್ಯಕ್ತಿಗೆ ಪೂರ್ತಿ ಎಚ್ಚರವಿದ್ದರೆ ಮಾತ್ರ ಇಲ್ಲಿಂದ ಶುರು ಮಾಡಿ. ಮಾತು ತೊದಲುತ್ತಿದ್ದರೆ ಮೀಟರ್ ಹುಡುಕುತ್ತಾ ನಿಲ್ಲಬೇಡಿ, ಮೊದಲು ಗ್ಲುಕೋಸ್ ಕೊಡಿ. ಕೈಯನ್ನು ನೀರಲ್ಲಿ ತೊಳೆದು ಒರೆಸಿಕೊಳ್ಳಿ. ಹಣ್ಣು ಹೆಚ್ಚಿದ ಬೆರಳಿನಿಂದ ರಕ್ತ ತೆಗೆದರೆ 50 ಇರುವುದು 90 ಎಂದು ಕಾಣಬಹುದು, ನೀವು ನೆಮ್ಮದಿಯಿಂದ ಮಲಗಿಬಿಡುತ್ತೀರಿ. ಅವಧಿ ಮುಗಿದ ಸ್ಟ್ರಿಪ್ ಎಸೆಯಿರಿ, ಅದರಲ್ಲಿ ಉಳಿತಾಯ ನೋಡಬೇಡಿ. ಪರದೆಯಲ್ಲಿ mg/dL ಎಂದಿದೆಯೋ mmol/L ಎಂದಿದೆಯೋ ಎಂಬುದನ್ನೂ ಗಮನಿಸಿ. ಇಲ್ಲಿ ಹೇಳಿರುವ ಶುಗರ್ ಅಂಕಿಗಳೆಲ್ಲ mg/dLನಲ್ಲಿವೆ. ಎರಡನೆಯದಾದರೆ 18ರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ.

ಎರಡನೆಯದು: 70 ಮತ್ತು 54, ಎರಡೇ ಗೆರೆ

70ಕ್ಕಿಂತ ಕಡಿಮೆ, ಆದರೆ 54 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಹಂತ 1. 54ಕ್ಕಿಂತ ಕಡಿಮೆಯಾದರೆ ಹಂತ 2. ಸರಿಯಾಗಿ 54 ಬಂದರೆ ಅದು ಇನ್ನೂ ಹಂತ 1ರಲ್ಲೇ ಇದೆ, 53 ಆದರೆ ಹಂತ 2. ಸರಿಯಾಗಿ 70 ಬಂದಾಗ ಮಾತ್ರ ಸ್ವಲ್ಪ ತಕರಾರು: 2017ರ ತಂಡ 70ನ್ನೂ ಒಳಗೆ ಸೇರಿಸಿತ್ತು, ಅಮೆರಿಕದ ಸಂಘ ಅದಕ್ಕಿಂತ ಕಡಿಮೆ ಇರಬೇಕು ಎನ್ನುತ್ತದೆ. ಮನೆಯಲ್ಲಿ ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. 70 ಕಂಡರೆ ಗ್ಲುಕೋಸ್ ತೆಗೆದುಕೊಳ್ಳಿ, ಅಷ್ಟೇ.

ಈ ಅಂಕಿಗಳು ಸುಮ್ಮನೆ ಆರಿಸಿದವಲ್ಲ. ಸುಮಾರು 70ರ ಹತ್ತಿರ ಬಂದಾಗ ಆರೋಗ್ಯವಂತ ದೇಹ ಗ್ಲುಕಗಾನ್, ಅಡ್ರಿನಲಿನ್ ಎಂಬ ಹಾರ್ಮೋನುಗಳನ್ನು ಬಿಟ್ಟು ಇಳಿತವನ್ನು ತಡೆಯಲು ನೋಡುತ್ತದೆ. ಹಾಗಾಗಿ ಹಂತ 1 ಎಂದರೆ ‘ಅಪಾಯ ಆಯಿತು’ ಎಂದಲ್ಲ, ‘ಈಗಲೇ ಕೈಹಾಕದಿದ್ದರೆ ಆಗಬಹುದು’ ಎಂದು. ಹೆಸರಲ್ಲೇ ಎಚ್ಚರಿಕೆ ಇದೆ. ಸುಮಾರು 54ರ ಕೆಳಗೆ ಮಿದುಳಿಗೇ ಗ್ಲುಕೋಸ್ ಸಾಲದೆ ಲೆಕ್ಕ ತಪ್ಪುವುದು, ಕಣ್ಣು ಮಂಜಾಗುವುದು, ಹೇಳಿದ್ದೇ ಹೇಳುವುದು ಶುರುವಾಗುತ್ತದೆ. ಆರೋಗ್ಯವಂತರ ದಿನನಿತ್ಯದ ಬದುಕಿನಲ್ಲಿ ಶುಗರ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಅದಕ್ಕೇ ಏನೂ ಅನ್ನಿಸದಿದ್ದರೂ 53 ಗಂಭೀರವೇ.

ಒಂದು ಮಾತು: ಮೀಟರಿನ ಅಂಕಿ ಕಲ್ಲಲ್ಲಿ ಕೊರೆದದ್ದಲ್ಲ. ಅಂತರರಾಷ್ಟ್ರೀಯ ಗುಣಮಟ್ಟದ ಪ್ರಕಾರವೇ 100ಕ್ಕಿಂತ ಕೆಳಗೆ 15 ಅಂಕಿಯಷ್ಟು ಆಚೀಚೆ ಆಗಲು ಅವಕಾಶವಿದೆ. 58 ಎಂದು ತೋರಿಸಿದ್ದು ನಿಜದಲ್ಲಿ 43 ಇರಬಹುದು, 73 ಕೂಡ ಇರಬಹುದು. ಪುಸ್ತಕದಲ್ಲಿ ಹಂತ 1 ಎಂದೇ ಬರೆಯಿರಿ, ಆದರೆ ತಡಮಾಡದೆ ಗ್ಲುಕೋಸ್ ತೆಗೆದುಕೊಳ್ಳಿ.

ಎಷ್ಟು? ಬೇಗ ಕರಗುವ ಗ್ಲುಕೋಸ್ ಅಥವಾ ಸಕ್ಕರೆ ಸುಮಾರು 15 ಗ್ರಾಂ, ಎಂದರೆ ಮೂರು ನಾಲ್ಕು ಟೀ ಚಮಚ. 15 ನಿಮಿಷ ಬಿಟ್ಟು ಮತ್ತೆ ನೋಡಿ. 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತ ಸೇರುವುದು ತಡವಾಗುತ್ತದೆ. ‘ಶುಗರ್‌ಲೆಸ್’ ಪಾನೀಯ ಕುಡಿಸಿ ಕಾಯುತ್ತಾ ಕೂರುವವರೂ ಇದ್ದಾರೆ, ಅದರಿಂದ ಏನೂ ಏರುವುದಿಲ್ಲ. ಅಕಾರ್ಬೋಸ್ ಮಾತ್ರೆ ನುಂಗುವವರಿಗೆ ಸಕ್ಕರೆಯೂ ಬೇಗ ಕೆಲಸ ಮಾಡದು, ಅಪ್ಪಟ ಗ್ಲುಕೋಸ್ ಪುಡಿಯೇ ಬೇಕು.

ಮೂರನೆಯದು: ಸಹಾಯ ಬೇಕಾಯಿತೇ?

ಹೆಚ್ಚಿನವರು ಎಡವುವುದು ಇಲ್ಲೇ. 70, 54 ಆದ ಮೇಲೆ ಹಂತ 3ಕ್ಕೂ 40 ಎಂದೋ 35 ಎಂದೋ ಒಂದು ಅಂಕಿ ಇರಬೇಕು ಎಂದುಕೊಳ್ಳುತ್ತಾರೆ. ಇಲ್ಲ. ಹಂತ 3ಕ್ಕೆ ಅಂಕಿಯೇ ಇಲ್ಲ. ಶುಗರ್ ಇಳಿದು ಮನಸ್ಸಿನ ಅಥವಾ ದೇಹದ ಸ್ಥಿತಿ ಎಷ್ಟು ಕೆಟ್ಟಿತೆಂದರೆ ಚೇತರಿಸಿಕೊಳ್ಳಲು ಇನ್ನೊಬ್ಬರ ಸಹಾಯ ಬೇಕಾಯಿತು, ಇದೇ ಅದರ ವ್ಯಾಖ್ಯೆ. ಅಂಕಿ ಎಷ್ಟಿದ್ದರೂ, ಅಂಕಿಯೇ ಸಿಗದಿದ್ದರೂ ಸರಿ. ಪ್ರಜ್ಞೆ ತಪ್ಪುವುದು, ಫಿಟ್ಸ್ ಬರುವುದು ಇದರೊಳಗೇ ಬರುತ್ತವೆ, ಆದರೆ ಅಷ್ಟಾಗಲೇಬೇಕು ಎಂದಿಲ್ಲ. ಕಣ್ಣು ಬಿಟ್ಟುಕೊಂಡೇ ಇದ್ದು, ಮುಂದೆ ಇಟ್ಟ ಲೋಟವನ್ನು ಎತ್ತಿ ಕುಡಿಯಬೇಕೆಂದು ಹೊಳೆಯದೆ ಕೂತವರದ್ದೂ ಹಂತ 3.

ಗಮನಿಸಬೇಕಾದ ಪದ ‘ಬೇಕಾಯಿತು’. ಸಹಾಯ ಸಿಕ್ಕಿದ್ದು ಬೇರೆ, ಸಹಾಯವಿಲ್ಲದೆ ಆಗುತ್ತಿರಲಿಲ್ಲ ಎನ್ನುವುದು ಬೇರೆ. ‘ಲೋ ಅನ್ನಿಸ್ತಿದೆ, ಗ್ಲುಕೋಸ್ ಕಲಸಿ ಕೊಡು’ ಎಂದು ಸೋಫಾದಿಂದಲೇ ಕೇಳಿ ಕುಡಿದವರಿಗೆ ಎದ್ದು ಹೋಗಿ ಮಾಡಿಕೊಳ್ಳುವ ಶಕ್ತಿ ಇತ್ತು. ಅದು ಹಂತ 3 ಅಲ್ಲ. ಪುಟ್ಟ ಮಗುವಿನ ವಿಷಯದಲ್ಲಿ ಈ ಪ್ರಶ್ನೆ ಹಾಗೇ ಕೇಳಿದರೆ ಅರ್ಥವಿಲ್ಲ, ಮಗುವಿಗೆ ಪ್ರತಿ ಸಲವೂ ದೊಡ್ಡವರೇ ಕುಡಿಸಬೇಕು. ಅಲ್ಲಿ ನೋಡಬೇಕಾದದ್ದು ಮಗುವಿನ ಎಚ್ಚರ: ಕರೆದರೆ ಓಗೊಡುತ್ತದೆಯೇ, ಮಂಕಾಗಿದೆಯೇ, ಫಿಟ್ಸ್ ಬಂತೇ ಎಂಬುದು.

ಒಬ್ಬರದೇ ಒಂದು ವಾರದ ಮೂರು ಘಟನೆ ತೆಗೆದುಕೊಳ್ಳೋಣ. ರಾತ್ರಿ ಇನ್ಸುಲಿನ್ ಹಾಕಿಕೊಳ್ಳುವ ಮಹಿಳೆ ಎಂದಿಟ್ಟುಕೊಳ್ಳಿ.

ಸೋಮವಾರ ಊಟಕ್ಕೆ ಮುಂಚೆ 66. ಏನೂ ಅನ್ನಿಸಿರಲಿಲ್ಲ. ಗ್ಲುಕೋಸ್ ತೆಗೆದುಕೊಂಡರು, 15 ನಿಮಿಷದ ಮೇಲೆ 84. ಇದು ಹಂತ 1.

ಬುಧವಾರ ಸಂಜೆ ಜೋರಾಗಿ ನಡೆದು ಬಂದಾಗ ಬೆವರು, ಕೈನಡುಕ. ಮೀಟರಿನಲ್ಲಿ 61. ಗ್ಲುಕೋಸ್ ತೆಗೆದುಕೊಂಡರೂ 15 ನಿಮಿಷಕ್ಕೆ 46. ಮತ್ತೊಮ್ಮೆ ತಾವೇ ಕಲಸಿ ಕುಡಿದರು, ಸರಿಹೋಯಿತು. 46 ಕಂಡು ಮನೆಯವರು ಇದನ್ನು ತೀವ್ರ ಎಂದು ಬರೆದರೆ ತಪ್ಪು: ಸ್ವತಃ ನಿಭಾಯಿಸಿದ್ದಾರೆ, ಹಂತ 2. 61ಕ್ಕೊಂದು, 46ಕ್ಕೊಂದು ಎಂದು ಎರಡು ಘಟನೆ ಮಾಡುವುದೂ ತಪ್ಪು. ಒಂದೇ ಇಳಿತ, ಅದರ ಅತಿ ಕೆಟ್ಟ ಹಂತವೇ ಅದರ ಹಂತ.

ಶನಿವಾರ ಬೆಳಗಿನ ಜಾವ ಐದೂವರೆಗೆ ಮಗಳು ಎಬ್ಬಿಸಿದರೆ ಮೈಯೆಲ್ಲ ಬೆವರು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ಲೋಟ ಕೊಟ್ಟರೆ ಕೈ ತಳ್ಳುತ್ತಾರೆ. ನುಂಗಲು ಆಗುತ್ತಿದೆ ಎಂದು ಖಾತ್ರಿ ಮಾಡಿಕೊಂಡು ಮಗಳು ಹಿಡಿದು ಕೂರಿಸಿ ಗುಟುಕು ಗುಟುಕಾಗಿ ಕುಡಿಸಿದಳು. ಮೀಟರ್ ಸಿಕ್ಕಿ ಚುಚ್ಚುವಷ್ಟರಲ್ಲಿ ಇಪ್ಪತ್ತು ನಿಮಿಷ, ಅಂಕಿ 74. ಪುಸ್ತಕದಲ್ಲಿ ‘74, ನಾರ್ಮಲ್’ ಎಂದು ಬರೆದರೆ ಆ ವಾರದ ಅತ್ಯಂತ ಅಪಾಯದ ಘಟನೆಯೇ ಕಾಣೆಯಾಗುತ್ತದೆ. 74 ಗ್ಲುಕೋಸ್ ಕೊಟ್ಟ ಮೇಲಿನ ಅಂಕಿ. ಇದು ಹಂತ 3, ಆ ದಿನವೇ ವೈದ್ಯರಿಗೆ ಹೇಳಬೇಕಾದದ್ದು. ರಾತ್ರಿ ಡೋಸ್ ಬದಲಿಸುವ ನಿರ್ಧಾರಕ್ಕೆ ಸೋಮವಾರದ 66ಕ್ಕಿಂತ ಇದರ ತೂಕವೇ ಹೆಚ್ಚು.

ಈ ಹಂತದ ಸಾಕ್ಷಿ ಹೇಳಬೇಕಾದವರು ಮನೆಯವರೇ. ಆಗಿದ್ದು ಆ ವ್ಯಕ್ತಿಗೆ ನೆನಪೇ ಇರದಿರಬಹುದು; ‘ನಾನೇ ಕುಡಿದೆ’ ಎಂದು ಖಡಾಖಂಡಿತವಾಗಿ ಹೇಳುವವರೂ ಉಂಟು. ನೋಡಿದವರನ್ನು ಕೇಳಿ ಬರೆಯಿರಿ.

ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, ಶುಗರ್ ಏರಿಸುವ ಔಷಧವಾದ ಗ್ಲುಕಗಾನ್ ಇದ್ದರೆ ಕೊಟ್ಟು ಆಂಬುಲೆನ್ಸ್ ಕರೆಯಿರಿ. ಇನ್ಸುಲಿನ್ ಇರುವ ಮನೆಯಲ್ಲಿ ಗ್ಲುಕಗಾನ್ ಕೂಡ ಇರಲೇಬೇಕು, ಅದನ್ನು ಕೊಡುವುದು ಮನೆಯವರಿಗೆ ಗೊತ್ತಿರಬೇಕು. ಮದ್ಯ ಕುಡಿದವರಲ್ಲಿ, ಬಹಳ ಹೊತ್ತು ಉಪವಾಸ ಇದ್ದವರಲ್ಲಿ ಅದು ಸರಿಯಾಗಿ ಕೆಲಸ ಮಾಡದಿರಬಹುದು. ಸಲ್ಫೊನೈಲ್‌ಯೂರಿಯಾದಿಂದ ಇಳಿದದ್ದಾದರೆ ಎಚ್ಚರವಾದ ಮೇಲೂ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆಯ ಪ್ರಭಾವ ಗಂಟೆಗಟ್ಟಲೆ ಇರುತ್ತದೆ, ಶುಗರ್ ಮತ್ತೆ ಇಳಿಯುತ್ತದೆ.

ನಾಲ್ಕನೆಯದು: ಲಕ್ಷಣಕ್ಕೆ ಬೇರೆ ಕಾಲಂ

ಬೆವರು, ನಡುಕ, ಎದೆಬಡಿತ, ಹಸಿವು ಇವುಗಳಿಂದ ಹಂತ ತೀರ್ಮಾನವಾಗುವುದಿಲ್ಲ. ಬಹಳ ದಿನ 250ರ ಮೇಲೆ ಇದ್ದವರ ಶುಗರ್ ಚಿಕಿತ್ಸೆಯಿಂದ 90ಕ್ಕೆ ಇಳಿದಾಗಲೂ ಇವೆಲ್ಲ ಬರುತ್ತವೆ, ಅದು ಯಾವ ಹಂತವೂ ಅಲ್ಲ. ತಿರುಗಾ ಮುರುಗಾ ಆದದ್ದೇ ಹೆಚ್ಚು ಚಿಂತೆಯದು: 50ಕ್ಕೆ ಇಳಿದರೂ ಏನೂ ಗೊತ್ತಾಗದಿರುವುದು. ಪದೇ ಪದೇ ಇಳಿಯುತ್ತಿದ್ದರೆ ದೇಹ ಸೂಚನೆ ಕೊಡುವುದನ್ನೇ ಕಡಿಮೆ ಮಾಡುತ್ತದೆ. ಅಂಥವರು ಎಚ್ಚರಿಕೆಯ ಹಂತವನ್ನು ಗೊತ್ತಿಲ್ಲದೆ ದಾಟಿ ನೇರ ಹಂತ 3ಕ್ಕೆ ಬೀಳುತ್ತಾರೆ. ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ನಡುಕ, ಎದೆಬಡಿತ ಮರೆಯಾಗಬಹುದು, ಬೆವರು ಮಾತ್ರ ಉಳಿಯುತ್ತದೆ. ಆದ್ದರಿಂದ ‘ಹಂತ 2, ಲಕ್ಷಣ ಇಲ್ಲ’ ಎಂಬ ಸಾಲು ವೈದ್ಯರಿಗೆ ಬಹಳ ಹೇಳುತ್ತದೆ. ಕೆಲವು ವಾರ ಇಳಿತವೇ ಆಗದಂತೆ ನೋಡಿಕೊಂಡರೆ ಈ ಸೂಚನೆಗಳು ಬಹಳಷ್ಟು ಜನರಲ್ಲಿ ಮರಳುತ್ತವೆ.

ತೋಳಿನ ಸೆನ್ಸರ್ ಇದ್ದರೆ

ಚರ್ಮದ ಕೆಳಗಿನ ದ್ರವದಲ್ಲಿ ಶುಗರ್ ಅಳೆಯುವ ಈ ಸೆನ್ಸರ್ ಕೆಲವೇ ನಿಮಿಷಕ್ಕೊಮ್ಮೆ ಅಂಕಿ ಕೊಡುವುದರಿಂದ ಒಂದು ಕ್ಷಣ 53 ಕಂಡಿದ್ದನ್ನು ಘಟನೆ ಎನ್ನುವುದಿಲ್ಲ. 54ರ ಕೆಳಗೆ ಕನಿಷ್ಠ 15 ನಿಮಿಷ ಇದ್ದರೆ ಹಂತ 2ರ ಘಟನೆ. ಮತ್ತೆ 70ರ ಮೇಲೆ 15 ನಿಮಿಷ ನಿಂತರೆ ಅದು ಮುಗಿಯಿತು. ಹೆಚ್ಚಿನ ವಯಸ್ಕರಿಗೆ ಇಟ್ಟಿರುವ ಗುರಿ, 70ರ ಕೆಳಗಿನ ಒಟ್ಟು ಹೊತ್ತು ದಿನದ 4%ಕ್ಕಿಂತ, ಎಂದರೆ ಸುಮಾರು ಒಂದು ಗಂಟೆಗಿಂತ ಕಡಿಮೆ. ಅದರೊಳಗೆ 54ರ ಕೆಳಗಿನದು 1%ಕ್ಕಿಂತ, ಸುಮಾರು ಕಾಲು ಗಂಟೆಗಿಂತ ಕಡಿಮೆ. ವಯಸ್ಸಾದವರಿಗೆ ಗುರಿ ಇನ್ನೂ ಬಿಗಿ: 70ರ ಕೆಳಗೇ 1% ದಾಟಬಾರದು.

ಸೆನ್ಸರ್ ಇರುವ ತೋಳಿನ ಮೇಲೆ ಭಾರ ಬಿಟ್ಟು ಮಲಗಿದರೆ ಅಲ್ಲಿನ ದ್ರವದ ಹರಿವು ತಗ್ಗಿ ಸುಳ್ಳು ಇಳಿತ ಕಾಣುತ್ತದೆ. ನಡುರಾತ್ರಿ ಗೆರೆ ಸರ್ರನೆ ಕೆಳಗಿಳಿದು, ಮಗ್ಗುಲು ಬದಲಿಸಿದೊಡನೆ ಅಷ್ಟೇ ಬೇಗ ಮೇಲೆದ್ದಿದ್ದರೆ ಇದೇ ಕಾರಣ ಇರಬಹುದು. ಅನುಮಾನ ಬಂದರೆ ಬೆರಳು ಚುಚ್ಚಿ ನೋಡಿ, ಬೆರಳಿನ ಅಂಕಿಯನ್ನೇ ಪುಸ್ತಕಕ್ಕೆ ಬರೆಯಿರಿ.