‘ತಂಗಿ ಬಂತು’ ಎಂದು ಬರೆಯುವ ಮಕ್ಕಳಿಗೆ ನಾನು ಮಾಡಿದ ಪರಿಹಾರ ಬೋಧನೆ

ಉಡುಪಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರ್. ಒಂಬತ್ತನೇ ತರಗತಿಯಲ್ಲಿ ಎರಡು ವಿಭಾಗ ಸೇರಿ ಎಪ್ಪತ್ತರ ಹತ್ತಿರ ಮಕ್ಕಳಿದ್ದಾರೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಹವ್ಯಕ, ಕುಂದಾಪ್ರ ಕನ್ನಡ, ಎಲ್ಲ ಇದೆ. ಇವರಲ್ಲಿ ಸುಮಾರು ಮೂವತ್ತು ಮಂದಿ ಪ್ರಬಂಧದಲ್ಲಿ ‘ಹುಡುಗಿ ಬಂತು’, ‘ತಂಗಿ ಹೋಯಿತು’ ಎಂದು ಬರೆಯುತ್ತಿದ್ದರು. ಈಗ ಆರೇಳು ಮಂದಿ ಉಳಿದಿದ್ದಾರೆ. ಸ್ಟಾಫ್ ರೂಮಿನಲ್ಲಿ ಇದನ್ನು ಯಾರೂ ನಂಬಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಿರಿಯ ಸಹೋದ್ಯೋಗಿಯೊಬ್ಬರು ಮೊದಲಿಂದ ಹೇಳುತ್ತಿದ್ದದ್ದು ಒಂದೇ ಮಾತು: “ಟೀಚರ್, ಅದು ಬರೀ ಅಜಾಗ್ರತೆ. ಹತ್ತು ಸಲ ಬರೆಸಿ, ತನ್ನಿಂದ ತಾನೇ ಸರಿ ಆಗ್ತದೆ.” ಹತ್ತು ಸಲ ಬರೆಸಿಯೂ ಆಯಿತು. ಬರೆಸಿದ ವಾಕ್ಯ ಸರಿ ಇರುತ್ತದೆ, ಮುಂದಿನ ವಾರದ ಪ್ರಬಂಧದಲ್ಲಿ ತಂಗಿ ಮತ್ತೆ ‘ಬಂತು’. ಇನ್ನೊಂದು ವರ್ಷ ಅಂಗಡಿಯಿಂದ ವ್ಯಾಕರಣದ ವರ್ಕ್‌ಶೀಟ್ ಪುಸ್ತಕ ತರಿಸಿದೆವು. ಒಂದಕ್ಕೆ ಅರವತ್ತು ರೂಪಾಯಿ ಹತ್ತಿರ, ಮೂವತ್ತು ಪ್ರತಿ, ಅಲ್ಲಿಗೆ 1,800 ರೂಪಾಯಿ. ಅದರಲ್ಲಿ ಲಿಂಗ, ವಚನ, ವಿಭಕ್ತಿ ಎಲ್ಲ ಬಿಟ್ಟ ಸ್ಥಳ ತುಂಬುವ ರೀತಿಯಲ್ಲಿತ್ತು. ಮಕ್ಕಳು ನೂರಕ್ಕೆ ತೊಂಬತ್ತು ತೆಗೆದರು. ಪ್ರಬಂಧದಲ್ಲಿ ಏನೂ ಬದಲಾಗಲಿಲ್ಲ. ಬಿಟ್ಟ ಸ್ಥಳದ ಪಕ್ಕದಲ್ಲೇ ‘ಬಂದಳು / ಬಂತು’ ಎಂದು ಎರಡು ಉತ್ತರ ಕೊಟ್ಟರೆ ಮಗು ಹುಷಾರಾಗುತ್ತದೆ. ಸ್ವಂತ ಬರವಣಿಗೆಯಲ್ಲಿ ಹಾಗೆ ಎಚ್ಚರಿಸುವವರು ಯಾರೂ ಇರುವುದಿಲ್ಲ.

ಕೈತಪ್ಪು ಬೇರೆ, ತಿಳಿವಳಿಕೆಯ ತಪ್ಪು ಬೇರೆ ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಬರೆದದ್ದನ್ನು ನಾವೆಲ್ಲ ಬಿಎಡ್‌ನಲ್ಲಿ ಓದಿದ್ದೇವೆ. ಆದರೆ ಮುಂದೆ ಎಪ್ಪತ್ತು ಪ್ರಬಂಧಗಳ ಕಟ್ಟು ಇರುವಾಗ ಯಾವುದು ಯಾವುದೆಂದು ಕಂಡುಹಿಡಿಯುವುದು ಹೇಗೆ? ನಾನು ಮಾಡಿದ್ದು ಹೀಗೆ.

ಒಂದು ವಾರದ ಅಂತರದಲ್ಲಿ ಎರಡು ಬರವಣಿಗೆ ತೆಗೆದುಕೊಂಡೆ. ಒಂದನ್ನು ತರಗತಿಯಲ್ಲಿ ಅರ್ಧ ಗಂಟೆಯೊಳಗೆ ಬರೆಯಬೇಕು, ಇನ್ನೊಂದಕ್ಕೆ ಅವಸರ ಇಲ್ಲ. ಜುಲೈ ಆದ್ದರಿಂದ ನಡುವೆ ಮಳೆ ರಜೆ ಬಂದು ನಮ್ಮ ಒಂದು ವಾರ ಎರಡು ವಾರ ಆಯಿತು, ತೊಂದರೆ ಆಗಲಿಲ್ಲ. ಕೆಂಪು ಪೆನ್ ಮುಟ್ಟಲಿಲ್ಲ. ತಪ್ಪಿದ ಪದಕ್ಕೆ ಗೆರೆ ಎಳೆಯದೆ, ಸಾಲಿನ ಪಕ್ಕ ಮಾರ್ಜಿನ್‌ನಲ್ಲಿ ಒಂದು ಚುಕ್ಕೆ ಮಾತ್ರ ಇಟ್ಟೆ. ಹಾಳೆ ವಾಪಸ್ ಕೊಟ್ಟು, “ಚುಕ್ಕೆ ಇರುವ ಸಾಲನ್ನು ನೋಡಿ, ಏನಾದರೂ ಇದ್ದರೆ ಪೆನ್ಸಿಲ್‌ನಲ್ಲಿ ತಿದ್ದಿ” ಎಂದು ಹತ್ತು ನಿಮಿಷ ಕೊಟ್ಟೆ. ತಾನೇ ಕಂಡು ತಿದ್ದಿದ್ದು ಕೈತಪ್ಪು. ಸಾಲನ್ನು ಎರಡು ಮೂರು ಸಲ ಓದಿಯೂ ಮುಟ್ಟದೆ ಬಿಟ್ಟದ್ದು ತಿಳಿವಳಿಕೆಯ ತಪ್ಪು, ಅವರ ತಲೆಯಲ್ಲಿರುವ ನಿಯಮವೇ ಹಾಗೆ.

ಇದರಲ್ಲಿ ಒಂದು ಅಪಾಯ ಇದೆ. ಚುಕ್ಕೆ ಕಂಡರೆ ಕೆಲವರು ಏನಾದರೊಂದು ಬದಲಿಸಲೇಬೇಕು ಎಂದುಕೊಳ್ಳುತ್ತಾರೆ. ಆದ್ದರಿಂದ ಸರಿ ಇರುವ ಸಾಲುಗಳಿಗೂ ಚುಕ್ಕೆ ಇಟ್ಟೆ. ಹತ್ತು ಚುಕ್ಕೆಯಲ್ಲಿ ನಾಲ್ಕೈದು ಅಂಥವು. ಸರಿ ಇರುವುದನ್ನೂ ಕೆಡಿಸಿದ ಮಗು ಊಹೆಯ ಮೇಲೆ ತಿದ್ದುತ್ತಿದೆ ಎಂದರ್ಥ, ಅದರ ಉಳಿದ ತಿದ್ದುಪಡಿಗಳನ್ನೂ ಲೆಕ್ಕಕ್ಕೆ ಹಿಡಿಯಬಾರದು. ಸರಿ ಸಾಲುಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದಕ್ಕೆ ನನ್ನದೇ ಒಂದು ಕ್ರಮ ಇದೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ನಮ್ಮ ಮಕ್ಕಳೂ ಓದುತ್ತಾರಲ್ವಾ.

ಇನ್ನೊಂದು ಗುರುತೂ ಸಿಕ್ಕಿತು. ಕೈತಪ್ಪುಗಳು ಪ್ರಬಂಧದ ಕೊನೆಯ ಭಾಗದಲ್ಲಿ ಜಾಸ್ತಿ. ಗಂಟೆ ಹೊಡೆಯುವ ಹೊತ್ತಿಗೆ ಒತ್ತಕ್ಷರ ಬಿಟ್ಟುಹೋಗುತ್ತದೆ, ಸೊನ್ನೆ ಬಿಟ್ಟುಹೋಗುತ್ತದೆ. ‘ತಂಗಿ ಬಂತು’ ಹಾಗಲ್ಲ, ಮೊದಲ ಸಾಲಿನಿಂದಲೇ ಇರುತ್ತದೆ.

ಒಂದು ಹುಡುಗಿಯ ಹಾಳೆಯನ್ನು ಪೂರ್ತಿ ಹೇಳುತ್ತೇನೆ, ನನಗೆ ದಾರಿ ಕಂಡದ್ದು ಅದರಲ್ಲೇ. ವಿಷಯ ಊರಿನ ಜಾತ್ರೆ. ಅವಳು ಬರೆದದ್ದು: ‘ನನ್ನ ತಂಗಿ ಬಳೆ ಕೇಳಿತು. ಅಮ್ಮ ಕೊಡಿಸಿದಲು. ತಂಗಿ ಖುಷಿಯಿಂದ ಕುಣಿಯಿತು. ಅಂಗಡಿಯ ಹೆಂಗಸು ನಕ್ಕಳು. ಪಕ್ಕದ ಮನೆಯ ಹುಡುಗಿಯೂ ಅಲ್ಲಿಗೆ ಬಂತು.’ ಎರಡೂ ಬರವಣಿಗೆ ಸೇರಿ ಹೆಣ್ಣು ಕರ್ತೃ ಇರುವ ವಾಕ್ಯ ಹನ್ನೆರಡು ಇದ್ದವು. ಐದು ತಪ್ಪು, ಏಳು ಸರಿ. ಇಷ್ಟನ್ನೇ ನೋಡಿದರೆ ಅರ್ಧಕ್ಕರ್ಧ ಸರಿ ಬರೆಯುತ್ತಾಳೆ, ಹಾಗಾದರೆ ಅಜಾಗ್ರತೆಯೇ ಎಂದು ಯಾರಾದರೂ ಹೇಳುತ್ತಾರೆ. ನಾನು ಕರ್ತೃಗಳನ್ನು ಎರಡು ಪಾಲು ಮಾಡಿದೆ. ಚಿಕ್ಕ ಹುಡುಗಿಯರು ಒಂದು ಕಡೆ, ದೊಡ್ಡ ಹೆಂಗಸರು ಇನ್ನೊಂದು ಕಡೆ. ಚಿಕ್ಕವರು ಬಂದ ಐದು ಕಡೆಯೂ ತಪ್ಪು, ದೊಡ್ಡವರು ಬಂದ ಏಳು ಕಡೆಯೂ ಸರಿ. ಅವಳು ಎಲ್ಲೂ ತಡವರಿಸಿಲ್ಲ. ಒಂದು ನಿಯಮವನ್ನು ಅಚ್ಚುಕಟ್ಟಾಗಿ ಪಾಲಿಸಿದ್ದಾಳೆ, ಅದು ಪುಸ್ತಕದ ಕನ್ನಡದ ನಿಯಮ ಅಲ್ಲ ಅಷ್ಟೆ. ಚುಕ್ಕೆ ಇಟ್ಟು ಕೊಟ್ಟಾಗ ‘ಕೊಡಿಸಿದಲು’ವಿನ ‘ಲು’ವನ್ನು ‘ಳು’ ಮಾಡಿದಳು, ‘ಕುಣಿಯಿತು’ ಮುಟ್ಟಲಿಲ್ಲ. ಯಾಕೆ ಎಂದು ಕೇಳಿದೆ. “ತಂಗಿ ಚಿಕ್ಕದಲ್ವಾ ಟೀಚರ್” ಎಂದಳು.

ಅವಳ ಮನೆ ಮಾತು ಕೊಂಕಣಿ. ಕೊಂಕಣಿಯಲ್ಲಿ ಚಿಕ್ಕ ಹುಡುಗಿಗೆ ನಪುಂಸಕ ಲಿಂಗವೇ ಬರುತ್ತದೆ, ‘ಚೆಡುಂ ಆಯ್ಲೆಂ’. ತುಳುವಿನಲ್ಲೂ ‘ಪೊಣ್ಣು ಬತ್ತ್ಂಡ್’ ಎನ್ನುತ್ತಾರೆ. ಹವ್ಯಕ ಮಕ್ಕಳ ಹಾಳೆ ತೆಗೆದಾಗ ಮಾತ್ರ ಲೆಕ್ಕ ಬೇರೆ ಬಂತು. ಅವರಲ್ಲಿ ‘ಅಕ್ಕ ಬಂತು’, ‘ಅಮ್ಮ ಬಂತು’ ಎಲ್ಲವೂ ಇದೆ. ದೊಡ್ಡವರು, ಚಿಕ್ಕವರು ಎಂಬ ಭೇದ ಇಲ್ಲ. ಮನೆಯಲ್ಲಿ ಹೆಂಗಸರಿಗೆಲ್ಲ ಹಾಗೆಯೇ ಹೇಳುವುದು. ಮೂರನೆಯ ಗುಂಪು ಇನ್ನೊಂದು ಬಗೆ. ಅವರು ‘ಹುಡುಗಿ ಓಡಿದಳು’ ಎಂದು ಸರಿಯಾಗಿ ಬರೆಯುತ್ತಾರೆ. ವಾಕ್ಯ ಉದ್ದವಾದರೆ ದಾರಿ ತಪ್ಪುತ್ತಾರೆ: ‘ಹುಡುಗಿ ಹಗ್ಗ ಕಿತ್ತುಕೊಂಡು ಓಡುತ್ತಿದ್ದ ನಾಯಿಯ ಹಿಂದೆ ಓಡಿತು.’ ಕ್ರಿಯಾಪದದ ಹತ್ತಿರ ಇದ್ದ ನಾಯಿ ಕ್ರಿಯಾಪದವನ್ನು ಎಳೆದುಕೊಂಡಿದೆ. ಇವರಿಗೆ ನಿಯಮ ಗೊತ್ತು, ಚುಕ್ಕೆ ಇಟ್ಟರೆ ಹೆಚ್ಚಿನವರು ತಾವೇ ತಿದ್ದಿದರು.

ಹೊರಗೆ ಕಾಣುವ ತಪ್ಪು ಒಂದೇ, ಒಳಗೆ ಮೂರು ಕಾರಣ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಲಿಂಗದ ಪಾಠ ಮಾಡಿದರೆ ಯಾರಿಗೂ ತಾಗುವುದಿಲ್ಲ.

ಒಂದು ಮಿತಿ ಹೇಳಿಬಿಡುತ್ತೇನೆ. ಮಗು ಆ ರೂಪ ಬೇಕಾದ ವಾಕ್ಯವನ್ನು ನಾಲ್ಕು ಸಲಕ್ಕಿಂತ ಕಡಿಮೆ ಬರೆದಿದ್ದರೆ ಏನನ್ನೂ ತೀರ್ಮಾನಿಸಬೇಡಿ. ಜಾಣ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಒಬ್ಬ ಹುಡುಗ ಇಡೀ ಪ್ರಬಂಧದಲ್ಲಿ ಎಲ್ಲರಿಗೂ ‘ಅವರು ಬಂದರು’ ಎಂದು ಬರೆದು ಪಾರಾಗಿದ್ದ. ಹಾಳೆಯಲ್ಲಿ ತಪ್ಪಿಲ್ಲ, ತಲೆಯಲ್ಲಿ ಇದೆ. ಇಂಥವರಿಗೆ ಆರು ಚಿತ್ರಗಳ ಒಂದು ಕಥೆ ಕೊಟ್ಟೆ. ಅದರಲ್ಲಿ ಪುಟ್ಟ ಹುಡುಗಿ, ಅಜ್ಜಿ, ದನ, ತೊಟ್ಟಿಲ ಮಗು ಇರಲೇಬೇಕು. ಆಗ ಎಲ್ಲ ಹೊರಗೆ ಬಂತು. ಚಿತ್ರಗಳನ್ನು ಚಿತ್ರಕಲಾ ಮಾಸ್ತರರು ಬಿಡಿಸಿಕೊಟ್ಟರು. ಝೆರಾಕ್ಸ್, ಅಗಲ ಮಾರ್ಜಿನ್‌ನ ಹಾಳೆ ಎಲ್ಲ ಸೇರಿ ಐನೂರರ ಆಸುಪಾಸು ಆಗಿರಬಹುದು. 1,800 ರೂಪಾಯಿ ಪುಸ್ತಕದಿಂದ ಆಗದ ಕೆಲಸ ಇದರಲ್ಲಿ ಆಯಿತು.

ಪಾಠಕ್ಕೆ ಬಂದರೆ, ಹವ್ಯಕ ಮಕ್ಕಳಿಗೆ ಬೋರ್ಡಿನಲ್ಲಿ ಎರಡು ಸಾಲು ಎಳೆದೆ, ಒಂದು ಮನೆಯ ಮಾತು, ಇನ್ನೊಂದು ಬರೆಯುವ ಮಾತು. ಮನೆಯದು ತಪ್ಪು ಎಂದು ಒಮ್ಮೆಯೂ ಹೇಳಲಿಲ್ಲ, ಹೇಳಿದರೆ ಮಕ್ಕಳು ಬಾಯಿ ಮುಚ್ಚುತ್ತಾರೆ. ಅವರೇ ಮನೆಯ ವಾಕ್ಯ ಹೇಳಿ, ಅವರೇ ಪಕ್ಕದ ಸಾಲಿಗೆ ದಾಟಿಸಿದರು. ಕೊಂಕಣಿ, ತುಳು ಮಕ್ಕಳಿಗೆ ಅಷ್ಟೂ ಬೇಡ. ಹುಡುಗಿ, ತಂಗಿ, ಮಗಳು, ಮೊಮ್ಮಗಳು, ಹೀಗೆ ಕೆಲವೇ ಪದಗಳ ಸುತ್ತ ಕೆಲಸ. ಮೂರನೆಯ ಗುಂಪಿಗೆ ವ್ಯಾಕರಣ ಪಾಠವೇ ಮಾಡಲಿಲ್ಲ. ಕೊನೆಯ ಐದು ನಿಮಿಷ ಕ್ರಿಯಾಪದಕ್ಕೆ ಸುತ್ತು ಹಾಕಿ, ‘ಯಾರು?’ ಎಂದು ಕೇಳಿಕೊಂಡು, ಕರ್ತೃವಿನ ತನಕ ಬಾಣ ಎಳೆಯುವ ಅಭ್ಯಾಸ ಅಷ್ಟೆ. ಮೊದಲೆರಡು ಗುಂಪಿಗೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಇಪ್ಪತ್ತು ನಿಮಿಷ, ವಾರಕ್ಕೆ ಎರಡು ದಿನ, ಒಂದೂವರೆ ತಿಂಗಳು ಹಿಡಿಯಿತು. ಮುಖ್ಯೋಪಾಧ್ಯಾಯರಿಗೆ ಪೋರ್ಷನ್ ಚಿಂತೆ, ಅದಕ್ಕೇ ಪೀರಿಯಡ್ ಕೇಳಲಿಲ್ಲ.

ನಡುವೆ ಹೊಸದೊಂದು ತಪ್ಪು ಹುಟ್ಟಿತು. ‘ತೊಟ್ಟಿಲಲ್ಲಿ ಮಗು ಅತ್ತಳು’ ಎಂದು ಐದಾರು ಹಾಳೆಯಲ್ಲಿ ಬಂತು. ಹಿರಿಯ ಸಹೋದ್ಯೋಗಿ ಅದನ್ನು ಹಿಡಿದು, “ನೋಡಿ, ಇದ್ದದ್ದೂ ಹೋಯಿತು” ಎಂದರು. ನನಗೆ ಖುಷಿಯೇ ಆಯಿತು. ಮಕ್ಕಳು ಹೊಸ ನಿಯಮ ಹಿಡಿದಿದ್ದಾರೆ, ಅದರ ಬೇಲಿ ಎಲ್ಲಿ ಎಂದು ಇನ್ನೂ ಗೊತ್ತಿಲ್ಲ. ಬರೆಯುವ ಕನ್ನಡದಲ್ಲಿ ಮಗು ‘ಅತ್ತಿತು’, ಹುಡುಗಿ ‘ಅತ್ತಳು’ ಎಂದು ಜೋಡಿ ಮಾಡಿ ಕೊಟ್ಟೆ. ಎರಡು ವಾರದಲ್ಲಿ ಅದು ಹೋಯಿತು.

ಇದರ ಜೊತೆಗೆ ಲ–ಳ ಬಗ್ಗೆಯೂ ಸ್ವಲ್ಪ ಕೈ ಹಾಕಿದೆ. ಹಲ್ಲಿ–ಹಳ್ಳಿ, ಕಲೆ–ಕಳೆ, ಬಾಲೆ–ಬಾಳೆ ಎಂದು ನಿಧಾನವಾಗಿ ಉಕ್ತಲೇಖನ ಕೊಟ್ಟೆ. ಅದರಲ್ಲಿ ಸರಿ ಬರೆದು ಪ್ರಬಂಧದಲ್ಲಿ ತಪ್ಪಿದವರದು ಕೈತಪ್ಪು. ಉಕ್ತಲೇಖನದಲ್ಲೂ ತಪ್ಪಿದವರಿಗೆ ಭೇದ ಕಿವಿಗೇ ಬೀಳುತ್ತಿಲ್ಲ, ಅಲ್ಲಿ ಬರವಣಿಗೆ ತಿದ್ದಿ ಪ್ರಯೋಜನ ಇಲ್ಲ, ಮೊದಲು ಕೇಳಿಸಬೇಕು. ಸಮಯ ಸಾಲದೆ ಅದನ್ನು ಅಲ್ಲಿಗೇ ಬಿಟ್ಟೆ.

ಅರ್ಧ ವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ನೋಡಿದಾಗ ಸಿಕ್ಕಿದ್ದೇ ಆ ಆರೇಳು ಮಂದಿ. ಅವರಲ್ಲಿ ನಾಲ್ವರು ಬೆಳಿಗ್ಗೆಯ ಬಸ್ ತಪ್ಪಿ ತರಗತಿಗೆ ಸರಿಯಾಗಿ ಬಾರದವರು. ಹತ್ತು ಸಲ ಬರೆಸಿ ಎಂದಿದ್ದ ಸಹೋದ್ಯೋಗಿ ಈಗ ತಮ್ಮ ಎಂಟನೇ ತರಗತಿಗೆ ನನ್ನ ಚಿತ್ರದ ಹಾಳೆ ಒಯ್ದಿದ್ದಾರೆ.

ಇನ್ನು ‘ಹಸುಗಳು ಬಂತು’. ಇದನ್ನು ಮನೆ ಮಾತು ಯಾವುದಿದ್ದರೂ ಇಡೀ ತರಗತಿ ಬರೆಯುತ್ತದೆ, ಚುಕ್ಕೆ ಇಟ್ಟರೂ ಯಾರೂ ಮುಟ್ಟುವುದಿಲ್ಲ. ಅದಕ್ಕೆ ಗುಂಪು ಮಾಡುವ ಅಗತ್ಯವೇ ಇಲ್ಲ. ‘ಬಂದವು’ ಎಂಬ ರೂಪ ಮಾತಿನಲ್ಲಿ ಅವರ ಕಿವಿಗೆ ಬೀಳುವುದು ಕಡಿಮೆ, ಆದ್ದರಿಂದ ಬರುವ ಜೂನ್‌ನಲ್ಲಿ, ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧದ ಹೊತ್ತಿಗೇ ಎಲ್ಲರಿಗೂ ಒಟ್ಟಿಗೆ ಹೊಸ ಪಾಠದಂತೆ ಹೇಳಿಕೊಡಬೇಕು ಎಂದಿದ್ದೇನೆ.